ಫಾಲೋವರ್ಸ್ 4,000, ಆರ್ಡರ್ ಸೊನ್ನೆ

ಹೋದ ವರ್ಷ ನನ್ ಒಂದು ಲಿಂಕ್ಡ್‌ಇನ್ ಪೋಸ್ಟ್ ಸಿಕ್ಕಾಪಟ್ಟೆ ಓಡ್ತು, 900 ಇದ್ದ ಫಾಲೋವರ್ಸ್ ಒಂದೇ ವಾರಕ್ಕೆ 4,000 ದಾಟಿದ್ರು. ಪುಣೆ ಪಕ್ಕದ ಚಿಂಚವಡದ ಮನೇಲಿ ಕೂತು, ಮಷಿನ್ ಮೇಲೆ ಪಾರ್ಟ್ ಅಲುಗಾಡದಂಗೆ ಹಿಡಿಯೋ ಫಿಕ್ಸ್‌ಚರ್ ಡಿಸೈನ್ ಮಾಡ್ಕೊಡೋನು ನಾನು, ಗಿರಾಕಿಗಳೆಲ್ಲ ಭೋಸರಿ, ಚಾಕಣ ಕಡೆ ಮಷಿನ್ ಶಾಪ್‌ನೋರು. ಇಷ್ಟು ಜನ ಯಾರಪ್ಪಾ ಅಂತ ಒಂದಿನ ಕೂತು ನೋಡಿದ್ರೆ ಅರ್ಧಕ್ಕರ್ಧ ಕಾಲೇಜ್ ಹುಡುಗ್ರು, ಮಿಕ್ಕೋರು ನನ್ ಥರಾನೇ ಕೆಲಸ ಹುಡುಕ್ತಿರೋ ಡಿಸೈನರ್ಸು. ಆರ್ಡರ್ ಕೊಡೋ ಪ್ರೊಡಕ್ಷನ್ ಮ್ಯಾನೇಜರ್‌ಗಳು ಬೆರಳೆಣಿಕೆ.

ಆವತ್ತೇ ಒಂದು ಎಕ್ಸೆಲ್ ಶೀಟ್ ಮಾಡ್ದೆ. ಯಾರಿಗೆ ಬರೆದೆ, ಯಾರ ಮೂಲಕ, ಉತ್ತರ ಬಂತಾ, ಭೇಟಿಗೆ ದಿನ ಗೊತ್ತಾಯ್ತಾ, ನಿಜವಾಗ್ಲೂ ಭೇಟಿ ಆಯ್ತಾ, ಅದರಿಂದ ಏನು ಹುಟ್ತು, ಅಷ್ಟೇ. ‘ನೋಡೋಣ ಸರ್’, ಥಂಬ್ಸಪ್ಪು, ಇವೆಲ್ಲ ಉತ್ತರದ ಲೆಕ್ಕಕ್ಕಿಲ್ಲ. ಆ ಕಡೆಯಿಂದ ಒಂದು ಪ್ರಶ್ನೆನೋ, ಒಂದು ದಿನಾನೋ, ಇನ್ನೊಬ್ಬರ ಹೆಸರೋ ಬಂದ್ರೆ ಮಾತ್ರ ಉತ್ತರ.

ಮೂರು ತಿಂಗಳಲ್ಲಿ ಪರಿಚಯವೇ ಇಲ್ಲದ 40 ಜನಕ್ಕೆ ಬರೆದೆ, 12 ಜನ ಉತ್ತರ ಕೊಟ್ರು, ಭೇಟಿ ಆಗಿದ್ದು ಒಂದೇ ಒಂದು. ಯಾರದೋ ಮೂಲಕ ಹೋಗಿದ್ದು 12 ಜನದ ಹತ್ರ, 8 ಉತ್ತರ, 4 ಭೇಟಿ, 2 ಕೊಟೇಶನ್. ಲೆಕ್ಕ ಚಿಕ್ಕದು, ಇದನ್ನ ಹಿಡ್ಕೊಂಡು ಶಾಸ್ತ್ರ ಹೇಳಕ್ಕಾಗಲ್ಲ, ಆದ್ರೆ ಎಲ್ಲಿ ಸೋರ್ತಿದೆ ಅಂತ ಗೊತ್ತಾಯ್ತು. ಉತ್ತರಾನೇ ಬರ್ತಿಲ್ಲ ಅಂದ್ರೆ ತಪ್ಪು ಜನಕ್ಕೆ ಬರೀತಿದೀನಿ ಅಂತ. ನಂದು ಹಂಗಲ್ಲ, ಹೊಸಬರಲ್ಲಿ 12 ಜನ ಮಾತಾಡಿದ್ರೂ ಭೇಟಿಗೆ ಬರ್ತಿರ್ಲಿಲ್ಲ, ಯಾಕಂದ್ರೆ ನಾನು ‘ಏನಾದ್ರೂ ಕೆಲಸ ಇದ್ರೆ ಹೇಳಿ’ ಅಂತ ಮುಗಿಸಿಬಿಡ್ತಿದ್ದೆ. ಅದನ್ನ ‘ನಿಮ್ಮ ವಿಎಂಸಿ ಮಷಿನ್ನಲ್ಲಿ ಪಾರ್ಟ್ ಲೋಡ್ ಮಾಡಕ್ಕೆ ಎಷ್ಟು ಹೊತ್ತು ಹೋಗುತ್ತೆ, ಗುರುವಾರ ಬಂದು 15 ನಿಮಿಷ ನೋಡ್ಲಾ’ ಅಂತ ಬದಲಾಯಿಸ್ದೆ. (ಭೋಸರಿಲಿ ಹೆಚ್ಚಿನ ಶಾಪ್‌ಗಳಿಗೆ ಗುರುವಾರಾನೇ ವಾರದ ರಜೆ, ಇಷ್ಟು ವರ್ಷ ಇಲ್ಲಿದ್ದೂ ಮರ್ತಿದ್ದೆ! ಶುಕ್ರವಾರ ಮಾಡ್ದೆ.) ಮುಂದಿನ 20 ಮೆಸೇಜಿಗೆ ಉತ್ತರ ಬಂದಿದ್ದು 6, ಅಂದ್ರೆ ಪ್ರಮಾಣ ಮೊದಲಿನಷ್ಟೇ, ಆದ್ರೆ ಭೇಟಿ 3 ಆದ್ವು.

ಇನ್ನೊಂದು ತಪ್ಪು ಮಾಡೋನಿದ್ದೆ. ಯಾರದೋ ಮೂಲಕ ಹೋದ ಆ 12ರಲ್ಲಿ ಒಂದು ಸಾಲಿಗೆ ‘ಏನೂ ಆಗ್ಲಿಲ್ಲ’ ಅಂತ ಬರೆದು ಮುಚ್ಚಿದ್ದೆ, ಕೊಟೇಶನ್ ಕೊಟ್ಟು ಎರಡು ತಿಂಗಳಾದ್ರೂ ಸುದ್ದಿ ಇಲ್ಲ ಅಂತ. ಐದನೇ ತಿಂಗಳಿಗೆ ಅಲ್ಲಿಂದಾನೇ ಪಿಒ, ಅಂದ್ರೆ ಪರ್ಚೇಸ್ ಆರ್ಡರ್, ಬಂತು, ಅವರಿಗೆ ಹೊಸ ಮಷಿನ್ ಬರೋವರೆಗೂ ಫಿಕ್ಸ್‌ಚರ್ ಬೇಕಿರ್ಲಿಲ್ಲ ಅಷ್ಟೇ. ಈಗ ಆರು ತಿಂಗಳು ಯಾವ ಸಾಲನ್ನೂ ಮುಚ್ಚಲ್ಲ.

ಆ ಸಾಲಲ್ಲಿ ‘ಯಾರ ಮೂಲಕ’ ಅನ್ನೋ ಕಡೆ ಇರೋದು ನನ್ ಹಳೇ ಕಂಪನಿಯ ಬೆಳಗಾವಿಯ ಕಾಕಾ, ಸಿಗೋದೇ ವರ್ಷಕ್ಕೊಂದ್ಸಲ, ಇಲ್ಲಿನ ರಾಜ್ಯೋತ್ಸವದ ಊಟದ ಪಂಕ್ತಿಲಿ. ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಹೇಳಿದ್ದು ಇದನ್ನೇ, ಪರಿಚಯದಿಂದ ಕೆಲಸ ಸಿಕ್ಕೋರನ್ನ ಕೇಳಿದ್ರೆ ದಿನಾ ಸಿಗೋ ಸ್ನೇಹಿತರಿಗಿಂತ ಅಪರೂಪಕ್ಕೆ ಸಿಗೋರಿಂದ ಸುದ್ದಿ ಬಂದಿದ್ದೇ ಜಾಸ್ತಿ. ಅಂದಹಾಗೆ ನಮ್ ಕಾಕಾ ಲಿಂಕ್ಡ್‌ಇನ್ನಲ್ಲೇ ಇಲ್ಲ.