ಸತ್ಯಾಂಶ: ಸಣ್ಣ ಹೂಡಿಕೆಗೆ ಎರಡೇ ಷೇರುಗಳು ಸಾಕೇ?

“ಸಣ್ಣ ಹಣ ಫಂಡಿನಲ್ಲಿ ಬೆಳೆಯುವುದಿಲ್ಲ, ಎರಡು ಒಳ್ಳೆಯ ಷೇರುಗಳಲ್ಲೇ ಪೂರ್ತಿ ಹಾಕಿ.”

ಹೂಡಿಕೆಯ ಬಗ್ಗೆ ಹರಿದಾಡುವ ಈ ಸಂದೇಶ ಸರಿಯಲ್ಲ. ಶೇಕಡಾವಾರು ಗಳಿಕೆ ಹೂಡಿದ ಮೊತ್ತದ ಗಾತ್ರವನ್ನು ಅವಲಂಬಿಸುವುದಿಲ್ಲ. ಆದರೆ ನಷ್ಟದ ಪೆಟ್ಟು ಹಣವನ್ನು ಎಷ್ಟು ಕಡೆ ಹಂಚಿದ್ದೇವೆ ಎಂಬುದನ್ನು ಖಂಡಿತವಾಗಿ ಅವಲಂಬಿಸುತ್ತದೆ. ನೂರು ಪಾಲು ಹಣವನ್ನು ಎರಡು ಷೇರುಗಳಲ್ಲಿ ಸಮನಾಗಿ ಇಟ್ಟು, ಒಂದರ ಬೆಲೆ ಅರ್ಧಕ್ಕಿಳಿದರೆ ಉಳಿಯುವುದು 75, ಮತ್ತು ಮೊದಲಿನ ಮಟ್ಟಕ್ಕೆ ಮರಳಲು ಶೇ. 33ರಷ್ಟು ಏರಿಕೆ ಬೇಕು. ಅದೇ ಎರಡು ಷೇರುಗಳಿಗೆ ಒಟ್ಟು 10 ಪಾಲು ಮಾತ್ರ ಕೊಟ್ಟು, 90 ಪಾಲನ್ನು ಹಲವು ಕ್ಷೇತ್ರಗಳ ಕಂಪನಿಗಳಿರುವ ಫಂಡಿನಲ್ಲಿ ಇಟ್ಟಿದ್ದರೆ, ಅದೇ ಕುಸಿತದಿಂದ ಹೋಗುವುದು ಎರಡೂವರೆ ಪಾಲು.

ಹೀಗೆ ಹಂಚುವುದರಿಂದ ಬಿಟ್ಟುಕೊಡಬೇಕಾದದ್ದೂ ಇದೆ: ಆಯ್ಕೆ ಮಾಡಿದ ಷೇರುಗಳು ಫಂಡಿಗಿಂತ ಶೇ. 5ರಷ್ಟು ಹೆಚ್ಚು ಗಳಿಸಿದರೂ ಒಟ್ಟು ಗಳಿಕೆಗೆ ಸೇರುವುದು ಅರ್ಧ ಶೇಕಡಾ ಮಾತ್ರ. ಹತ್ತು ಎಂಬುದು ಕಟ್ಟುನಿಟ್ಟಾದ ನಿಯಮವಲ್ಲ. ಪೂರ್ತಿ ಕಳೆದುಹೋದರೂ ಉದ್ದೇಶ ಕೆಡದಷ್ಟೇ ನೇರ ಷೇರುಗಳಿಗಿರಲಿ ಎಂಬುದು ನನ್ನ ಅಭಿಪ್ರಾಯ.

ಇಂತಹ ಸಂದೇಶಗಳು ಗೆದ್ದ ಷೇರುಗಳನ್ನಷ್ಟೇ ತೋರಿಸುವುದರಿಂದ ನಂಬುವುದು ಸಹಜ. ಪರೀಕ್ಷಿಸಲು, ನಿಫ್ಟಿಯಂತಹ ಷೇರುಪೇಟೆ ಸೂಚ್ಯಂಕದಲ್ಲಿ ಹತ್ತು ವರ್ಷ ಹಿಂದೆ ಇದ್ದ ಕಂಪನಿಗಳ ಪಟ್ಟಿಯನ್ನು ತೆರೆದು, ಇಂದಿನ ಬೆಲೆ ನೋಡುವ ಮೊದಲೇ ಎರಡನ್ನು ಆರಿಸಿ. ನಂತರ ಲಾಭಾಂಶವನ್ನೂ ಸೇರಿಸಿ ಅವುಗಳ ಗಳಿಕೆಯನ್ನು ಲೆಕ್ಕಹಾಕಿ, ಅದೇ ದಿನಾಂಕಗಳ ನಡುವಿನ ಸೂಚ್ಯಂಕದ ಒಟ್ಟು ಗಳಿಕೆಯೊಂದಿಗೆ ಹೋಲಿಸಿ. ಹಲವು ಜೋಡಿಗಳನ್ನು ಹೀಗೆ ನೋಡಿದರೆ ಫಲಿತಾಂಶಗಳು ಎಷ್ಟು ದೂರ ದೂರ ಚದುರುತ್ತವೆ ಎಂಬುದು ಕಾಣುತ್ತದೆ.