ಅರವತ್ತು ಡಿಗ್ರಿಯ ಎಣ್ಣೆ

ಬಸವನಗುಡಿಯ ಯಾವ ಸೂಪರ್ ಮಾರ್ಕೆಟ್ಟಿಗಾದರೂ ಹೋಗಿ, ಎಣ್ಣೆಯ ಸಾಲಿನ ಮುಂದೆ ಯಾರಾದರೊಬ್ಬರು ಕನ್ನಡಕ ಹಣೆಗೇರಿಸಿ ಎರಡು ಪ್ಯಾಕೆಟ್ ಹಿಡಿದು ನಿಂತಿರುತ್ತಾರೆ. ಎರಡರ ಮೇಲೂ ಅದೇ ಸೂರ್ಯಕಾಂತಿ, ಅದೇ ಹಳದಿ, ಹೆಚ್ಚೂಕಡಿಮೆ ಅದೇ ದಪ್ಪ. ಒಂದಕ್ಕೆ 160 ರೂಪಾಯಿ, ಇನ್ನೊಂದಕ್ಕೆ 152 ಅಂತ ಇಟ್ಟುಕೊಳ್ಳೋಣ. ಎಂಟು ರೂಪಾಯಿ ಉಳಿಯಿತಲ್ಲ ಎಂದು ಎರಡನೆಯದು ಬುಟ್ಟಿಗೆ ಬೀಳುತ್ತದೆ. ಮೊದಲನೆಯದು ಒಂದು ಲೀಟರ್, ಎರಡನೆಯದು 850 ಗ್ರಾಂ. ಅಕ್ಷರ ಇರುವೆ ಸಾಲಿನಷ್ಟು, ಅದೂ ಪ್ಯಾಕೆಟ್ಟಿನ ಮಡಿಕೆಯೊಳಗೆ.

ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ತೂಗಿದರೆ ಸುಮಾರು 910 ಗ್ರಾಂ. ಕಿಲೋ ಲೆಕ್ಕಕ್ಕೆ ತಂದರೆ ಮೊದಲ ಪ್ಯಾಕೆಟ್ಟಿನದು 176 ರೂಪಾಯಿ, ಎರಡನೆಯದರದು 179. ಅಗ್ಗದ್ದೇ ದುಬಾರಿ. ಇದನ್ನು ಸುಲಭ ಮಾಡಲೆಂದೇ ಪ್ಯಾಕೆಟ್ ಮೇಲೆ ಘಟಕ ಬೆಲೆ ಹಾಕಬೇಕೆಂಬ ನಿಯಮ ಬಂದಿದೆ. ಬಂದದ್ದು ಸರಿ, ಆದರೆ ಕಿಲೋಗಿಂತ ಕಡಿಮೆ ಇದ್ದದ್ದಕ್ಕೆ ಗ್ರಾಂ ಒಂದಕ್ಕೆ ಎಷ್ಟು ಎಂದು ಹಾಕುತ್ತಾರೆ, ಅದನ್ನೂ ಎರಡು ದಶಮಾಂಶಕ್ಕೆ ಸರಿಮಾಡಿ. 850 ಗ್ರಾಮಿನದರ ಮೇಲೆ 0.18 ಎಂದಿರುತ್ತದೆ. ಲೀಟರಿನದನ್ನು ಗ್ರಾಮಿಗೆ ಇಳಿಸಿದರೆ ಅದೂ 0.18! ಕಿಲೋಗೆ 175ರಿಂದ ಹಿಡಿದು 185ರ ಹತ್ತಿರದವರೆಗೆ ಎಲ್ಲವೂ ಈ 0.18ರ ಹೊಟ್ಟೆಯೊಳಗೆ ಹಾಯಾಗಿ ಮಲಗಿಬಿಡುತ್ತವೆ. ಪಕ್ಕದ ಐದು ಲೀಟರಿನ ಕ್ಯಾನಿನ ಮೇಲೆ ಮಾತ್ರ ಲೀಟರಿಗೆ ಇಷ್ಟು ಎಂದಿರುತ್ತದೆ. ಗ್ರಾಮನ್ನೂ ಲೀಟರನ್ನೂ ಹೋಲಿಸುವ ಕೆಲಸ ಗಿರಾಕಿಯದು.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯದೆ ವಿಧಿಯಿಲ್ಲ, ಏಕೆಂದರೆ ಲೀಟರ್ ಎಂಬುದೂ ಅಷ್ಟು ಸಾಚಾ ಅಲ್ಲ. ಎಣ್ಣೆ ಕಾದರೆ ಹಿಗ್ಗುತ್ತದೆ. ಸೋಯಾ ಎಣ್ಣೆಯ ಒಂದು ಲೀಟರ್ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ ಸುಮಾರು 893 ಮಾತ್ರ. ಹಾಗಾದರೆ ಪ್ಯಾಕೆಟ್ ಮೇಲೆ ‘60 ಡಿಗ್ರಿಯಲ್ಲಿ ಒಂದು ಲೀಟರ್’ ಎಂದು ಹಾಕಿಬಿಟ್ಟರೆ? ಹಾಕಿದರು. ಕಡಿಮೆ ಗ್ರಾಂ ತುಂಬಿಯೂ ಲೀಟರ್ ಎನ್ನಬಹುದು. ಬೆಂಗಳೂರು ಕಂಡ ದಾಖಲೆಯ ಸೆಕೆಯೇ 2016ರ ಏಪ್ರಿಲ್‌ನ 39.2 ಡಿಗ್ರಿ. ಆ ಮಧ್ಯಾಹ್ನ ಚಿಕ್ಕಪೇಟೆಯ ತಗಡಿನ ಮಾಡಿನ ಕೆಳಗೆ ಪ್ಯಾಕೆಟ್ ಇಟ್ಟಿದ್ದರೂ ಅದು ಪೂರ್ತಿ ಲೀಟರ್ ಆಗುತ್ತಿತ್ತೋ ಇಲ್ಲವೋ! ಎಣ್ಣೆ ಅರವತ್ತು ಡಿಗ್ರಿ ಮುಟ್ಟುವುದು ಬಾಣಲೆಗೆ ಬಿದ್ದ ಮೇಲೆ. ಅಷ್ಟರಲ್ಲಿ ಅಳೆಯುವವರು ಯಾರು, ಸಾಸಿವೆ ಹಾಕುವುದು ಬಿಟ್ಟು?

ಕೊನೆಗೆ 2022ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕಣ್ಣುಬಿಟ್ಟು, ಉಷ್ಣಾಂಶದ ಮಾತು ತೆಗೆದುಬಿಡಿ, ಲೀಟರ್ ಹಾಕಿದರೆ ಪಕ್ಕದಲ್ಲಿ ತೂಕವನ್ನೂ ಹಾಕಿ, ಎರಡೂ ತಾಳೆಯಾಗಲಿ ಎಂದು ಹೇಳಿತು. ಸರಿಪಡಿಸಿಕೊಳ್ಳಲು 2023ರ ಜನವರಿ 15ರವರೆಗೆ ಗಡುವು. 919ಕ್ಕೂ 893ಕ್ಕೂ ನಡುವೆ 26 ಗ್ರಾಂ, ಅಂದರೆ ಎರಡು ದೊಡ್ಡ ಚಮಚ. ಒಂದು ಮನೆಯ ಎರಡು ದಿನದ ಸಾರಿನ ಒಗ್ಗರಣೆ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೇ ಎನ್ನುವವರು ತಿಂಗಳ ಕೊನೆಯಲ್ಲಿ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಎರಡು ಗಂಟೆ ತಲೆಕೆಳಗು ನಿಲ್ಲಿಸುವುದನ್ನೂ ಬಿಡಬೇಕು.

ಈಗ ಗಾತ್ರದ ವಿಚಾರ. ದೊಡ್ಡದು ಅಗ್ಗ ಎಂಬ ನಂಬಿಕೆ ಎಣ್ಣೆಯಲ್ಲಿ ಅರ್ಧ ಸುಳ್ಳು. ಪ್ಯಾಕೆಟ್ 160 ಇರುವಲ್ಲಿ ಐದು ಲೀಟರ್ ಕ್ಯಾನು 840 ಇದ್ದರೆ ಲೀಟರಿಗೆ 168 ಬಿತ್ತು. ಹಿಡಿಕೆ, ಮುಚ್ಚಳ, ಗಟ್ಟಿ ಪ್ಲಾಸ್ಟಿಕ್ಕಿಗೆ ಕೊಟ್ಟ ದುಡ್ಡು ಅದು. ಮುಂದೆ ಆ ಕ್ಯಾನಿನಲ್ಲಿ ಮನಿ ಪ್ಲಾಂಟ್ ಬೆಳೆಸುತ್ತೇವೆ ಎನ್ನುವುದು ಬೇರೆ ಮಾತು. ನಿಜವಾಗಿ ಅಗ್ಗ ಬೀಳುವುದು ಡಬ್ಬ, ಆದರೆ ಅಲ್ಲೂ 15 ಕಿಲೋ ಡಬ್ಬ ಬೇರೆ, 15 ಲೀಟರ್ ಡಬ್ಬ ಬೇರೆ. ಮೊದಲನೆಯದರಲ್ಲಿ ಹದಿನಾರೂವರೆ ಲೀಟರ್ ಇರುತ್ತದೆ, ಎರಡನೆಯದರಲ್ಲಿ ಹದಿಮೂರೂವರೆ ಕಿಲೋ ಚಿಲ್ಲರೆ. ‘ಹದಿನೈದರ ಡಬ್ಬ ಸಾರ್’ ಎಂದಷ್ಟೇ ಅಂಗಡಿಯವರು ಹೇಳಿದರೆ ‘ಹದಿನೈದು ಏನು?’ ಎಂದು ಕೇಳುವುದು ಒರಟುತನವಲ್ಲ.

ಇನ್ನು ಗಾಣದ ಎಣ್ಣೆ. ಇದರ ಬೆಲೆ ನೋಡಿ ಹೌಹಾರುವ ಮೊದಲು ಬೀಜದ ಬೆಲೆ ಕೇಳಬೇಕು. ಮರದ ಗಾಣದಲ್ಲಿ ನೂರು ಕಿಲೋ ಕಡಲೆಕಾಯಿ ಬೀಜಕ್ಕೆ ನಲವತ್ತು ಕಿಲೋ ಆಸುಪಾಸು ಎಣ್ಣೆ, ಉಳಿದದ್ದು ಹಿಂಡಿ. ಅಂದರೆ ಒಂದು ಲೀಟರಿಗೆ ಎರಡೂಕಾಲು ಕಿಲೋ ಬೀಜ. ಬೀಜ ಕಿಲೋಗೆ 120 ಇದ್ದರೆ ಬೀಜಕ್ಕೇ 270 ಆಯಿತು. ಹಿಂಡಿ ಮಾರಿದ ದುಡ್ಡು ಕಳೆದು, ಆಡಿಸಿದ ಕೂಲಿ, ಕರೆಂಟು, ಬಾಟಲಿ, ಬಾಡಿಗೆ ಕೂಡಿಸಿದರೆ ಎಲ್ಲಿಗೆ ಹೋಗುತ್ತದೆ ನೋಡಿ. ಹೀಗಿರುವಾಗ ‘ಶುದ್ಧ ಗಾಣದ ಕಡಲೆಕಾಯಿ ಎಣ್ಣೆ 190 ಮಾತ್ರ’ ಎಂಬ ಬೋರ್ಡು ಕಂಡರೆ, ಅದರಲ್ಲಿ ಕಡಲೆಕಾಯಿ ಎಷ್ಟು, ಪರಿಷೆಯ ಗಾಳಿ ಎಷ್ಟು ಎಂದು ಕೇಳಬೇಕಾಗುತ್ತದೆ. ದೊಡ್ಡ ಕಾರ್ಖಾನೆಯವರು ಹಿಂಡಿಯನ್ನೂ ಬಿಡುವುದಿಲ್ಲ. ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ ಉಳಿದ ಎಣ್ಣೆಯನ್ನೂ ಎಳೆದುಕೊಳ್ಳುತ್ತಾರೆ. ಗಾಣದವರ ಹಿಂಡಿಯಲ್ಲಿ ನೂರಕ್ಕೆ ಎಂಟು, ಹತ್ತು ಪಾಲು ಎಣ್ಣೆ ಹಸುವಿನ ಪಾಲಾಗುತ್ತದೆ. ರಿಫೈನ್ಡ್ ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣ.

ರಿಫೈನ್ ಮಾಡುವುದೆಂದರೆ ಅಂಟು ತೆಗೆಯುವುದು, ಕ್ಷಾರ ಹಾಕಿ ಹುಳಿಯ ಅಂಶ ಕಳೆಯುವುದು, ಜೇಡಿಮಣ್ಣಿನಲ್ಲಿ ಬಣ್ಣ ಬಸಿಯುವುದು, ಕೊನೆಗೆ ಇನ್ನೂರು ಡಿಗ್ರಿ ದಾಟಿಸಿ ಹಬೆಯಲ್ಲಿ ವಾಸನೆ ಓಡಿಸುವುದು. ವಾಸನೆಯ ಜತೆಗೆ ಇ ಜೀವಸತ್ವವೂ ಸ್ವಲ್ಪ ಓಡುತ್ತದೆ. ಕೊಬ್ಬು ಮಾತ್ರ ಅದೇ ಕೊಬ್ಬು, ಗ್ರಾಮಿಗೆ ಒಂಬತ್ತು ಕ್ಯಾಲೊರಿ, ಗಾಣದ್ದಾದರೂ ಕಾರ್ಖಾನೆಯದ್ದಾದರೂ. ‘ಕೊಲೆಸ್ಟ್ರಾಲ್ ರಹಿತ’ ಎಂದು ದೊಡ್ಡಕ್ಷರದಲ್ಲಿ ಹಾಕುವವರು, ಗಿಡದ ಎಣ್ಣೆಯಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ಎಂದೂ ಇರಲಿಲ್ಲ ಎನ್ನುವುದನ್ನು ಸಣ್ಣಕ್ಷರದಲ್ಲೂ ಹಾಕುವುದಿಲ್ಲ.

ಅಡಿಗೆಮನೆಯಲ್ಲಿ ಕಾಣುವ ವ್ಯತ್ಯಾಸ ಬೇರೆ. ಗಾಣಕ್ಕೆ ಹಾಕುವಾಗ ಬೀಜಕ್ಕೆ ನೀರು ಚಿಮುಕಿಸುತ್ತಾರೆ. ಆ ತೇವವೂ ಅಂಟೂ ಎಣ್ಣೆಯಲ್ಲಿ ಉಳಿದಿದ್ದರೆ ಬಜ್ಜಿ ಬಿಟ್ಟೊಡನೆ ಬಾಣಲೆಯ ತುಂಬ ನೊರೆ. ತಳದ ಗಸಿಯೂ ಬಿದ್ದರೆ ಅದು ಸೀದು ಕರಿಚುಕ್ಕೆಯಾಗಿ ಬಜ್ಜಿಗೆ ಹತ್ತುತ್ತದೆ, ಹೊಗೆಯೂ ಬೇಗ ಏಳುತ್ತದೆ. ಬಾಟಲಿಯನ್ನು ಒಂದು ವಾರ ಅಲುಗಿಸದೆ ಇಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಅರ್ಧ ತೊಂದರೆ ಹೋಗುತ್ತದೆ. ಆ ತೇವದಿಂದಲೇ ಎಣ್ಣೆ ಬೇಗ ಕಮಟಾಗುವುದೂ ಉಂಟು. ಹಾಗಾಗಿ ಮೇಲಿನ ಗಾತ್ರದ ಲೆಕ್ಕವೆಲ್ಲ ಇಲ್ಲಿ ಉಲ್ಟಾ: ತಿಂಗಳಿಗೆ ಎರಡು ಲೀಟರ್ ಖರ್ಚಾಗುವ ಮನೆಗೆ ಗಾಣದ ಎಣ್ಣೆ ಐದು ಲೀಟರ್ ತಂದರೆ, ಕಡೆಯ ಲೀಟರಿನ ಚಿತ್ರಾನ್ನ ಹಳೆಯ ಕಡಲೆಬೀಜದ ವಾಸನೆ ಹೊಡೆಯುತ್ತದೆ. ಲೀಟರಿಗೆ ಹತ್ತು ಉಳಿಸಿ ಒಂದು ಲೀಟರ್ ದೇವರ ದೀಪಕ್ಕೆ ಸುರಿದಂತೆ.

ಶುದ್ಧವೋ ಅಲ್ಲವೋ ಎಂದು ಫ್ರಿಜ್ಜಿನಲ್ಲಿಟ್ಟು ನೋಡಿ ಎಂದು ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ವಾರಕ್ಕೊಮ್ಮೆ ಬರುತ್ತದೆ. ಗಟ್ಟಿಯಾದರೆ ತಾಳೆ ಎಣ್ಣೆ ಬೆರಕೆಯಂತೆ. ಒಳ್ಳೆಯ ಕಡಲೆಕಾಯಿ ಎಣ್ಣೆಯೂ ಅಲ್ಲಿ ಮಂಜುಗಟ್ಟಿ ಮಂದವಾಗುತ್ತದೆ. ಪಾಪ, ಅದರ ಮಾನ ಹೋಯಿತು. ಕೊಬ್ಬರಿ ಎಣ್ಣೆಗೆ ಮಾತ್ರ ಇದೇ ಗುಂಪಿನಲ್ಲಿ ತದ್ವಿರುದ್ಧ ತೀರ್ಪು, ಗಟ್ಟಿಯಾದರೇ ಅಪ್ಪಟ! ರಿಫೈನ್ಡ್ ಆಗಲಿ ಗಾಣದ್ದಾಗಲಿ, 24 ಡಿಗ್ರಿಗಿಂತ ಕೆಳಗೆ ಎರಡೂ ಹೆಪ್ಪುಗಟ್ಟುತ್ತವೆ, ಬೆಂಗಳೂರಿನ ಡಿಸೆಂಬರಿಗೆ ಫ್ರಿಜ್ಜೂ ಬೇಡ. ಬೆಳಿಗ್ಗೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಕರಗುತ್ತದೆ. ನೀರು ಅರವತ್ತು ಡಿಗ್ರಿಯಿದ್ದರೆ ಒಳಗಿನ ಲೀಟರ್ ಒಂದಿಷ್ಟು ಹೆಚ್ಚೂ ಆಗಿರುತ್ತದೆ.