ರಾತ್ರಿ 12 ಗಂಟೆ ಅಂದ್ರೆ ಯಾವ ದಿನ ಸ್ವಾಮಿ?

ಹೊಟ್ಟೆ ಉರಿದುಹೋಗಿದೆ, ಬರೆದು ಮುಗಿಸಿ ಮಲಗುತ್ತೇನೆ. ಉದ್ದ ಆದ್ರೆ ಬೈಯಬೇಡಿ.

ನಾನು ಹಾಸನದಲ್ಲಿ ಒಂದು ಸಣ್ಣ ಜಾಹೀರಾತು ಆಫೀಸಿನಲ್ಲಿ ಇಂಟರ್ನ್. ಊರಿನ ಅಂಗಡಿ, ಹೋಟೆಲ್, ಹೋಮ್‌ಸ್ಟೇಗಳ ಪೇಜ್ ನೋಡಿಕೊಳ್ಳುವುದು ನಮ್ಮ ಕೆಲಸ. ಕ್ಯಾಪ್ಷನ್ ಬರೆಯುವುದು ನಾನು, ಫೋಟೋ ಹುಡುಕುವುದು ನಾನು, ಹಾಲು ತರುವುದೂ ನಾನು. ಪೋಸ್ಟ್ ಶೆಡ್ಯೂಲ್ ಮಾಡುವುದು ಮಾತ್ರ ಸೀನಿಯರ್ ಅಕ್ಕ. ಒಂದು ಸಲ ಅಪ್ರೂವ್ ಆದ ಪೋಸ್ಟನ್ನು ನಾನು ನೋಡಬಹುದು, ಮುಟ್ಟುವ ಹಾಗಿಲ್ಲ. ಬಟನ್ ಬೂದು ಬಣ್ಣದಲ್ಲಿ ಸುಮ್ನೆ ಕೂತಿರುತ್ತದೆ, ಒತ್ತಿದರೂ ಏನೂ ಆಗುವುದಿಲ್ಲ.

ಕಳೆದ ಶುಕ್ರವಾರ ರಾತ್ರಿ. ವಿದ್ಯಾನಗರದ ಪಿಜಿಯಲ್ಲಿ ಊಟ ಮುಗಿಸಿ, ಸೋಮವಾರದ ಕ್ಯಾಪ್ಷನ್ ಬಾಕಿ ಇತ್ತು ಅಂತ ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದೆ. ಗಂಟೆ 11:41. ಶನಿವಾರದ ಕಾಲಂನಲ್ಲಿ ಎರಡು ಪೋಸ್ಟ್ ಇದ್ದವು. ಒಂದು ಬೇಕರಿಯದು, ಬೆಳಗ್ಗೆ 11ಕ್ಕೆ. ಇನ್ನೊಂದು ಸೀರೆ ಅಂಗಡಿಯದು, ರಾತ್ರಿ ಹೋಗಬೇಕಾದದ್ದು. ಆದರೆ ರಾತ್ರಿಯದು ಮೇಲಿತ್ತು, ಬೆಳಗಿನದು ಕೆಳಗಿತ್ತು.

ಒಂದು ಕ್ಷಣ ಸುಮ್ನೆ ನೋಡಿದೆ. ಕ್ಯಾಲೆಂಡರಿನಲ್ಲಿ ದಿನ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಶನಿವಾರ ರಾತ್ರಿಯ ಪೋಸ್ಟ್ ಆದರೆ ಕಾಲಂನ ಕೊನೆಯಲ್ಲಿರಬೇಕು ಅಲ್ವಾ? ಇದು ಯಾಕೆ ತಲೆ ಮೇಲೆ ಕೂತಿದೆ? ತೆಗೆದು ನೋಡಿದರೆ ಶನಿವಾರ, 12:00 AM. ಅಂದರೆ ಇನ್ನು ಹತ್ತೊಂಬತ್ತು ನಿಮಿಷ. ಒಂದು ದಿನ ಮೊದಲೇ ಹೊರಡಲು ರೆಡಿಯಾಗಿ ಕೂತಿತ್ತು.

ಪೋಸ್ಟ್ ಏನು ಗೊತ್ತಾ? "ಇಂದು ಮಾತ್ರ! ಎಲ್ಲ ಸೀರೆಗಳ ಮೇಲೆ 30% ರಿಯಾಯಿತಿ." ಆಫರ್ ಇದ್ದದ್ದು ಭಾನುವಾರ. "ಇಂದು" ಅನ್ನುವ ಪದ ಕ್ಯಾಪ್ಷನ್‌ನಲ್ಲಿ ಇದ್ದಿದ್ದರೆ ಆಮೇಲೆ ತಿದ್ದಬಹುದಿತ್ತು. ಅದು ಚಿತ್ರದ ಒಳಗೇ ಇತ್ತು, ಹಳದಿ ಅಕ್ಷರದಲ್ಲಿ, ತಾರೀಖೇ ಇಲ್ಲದೆ. ತಾರೀಖು ಹಾಕೋಣ ಅಂತ ನಾನು ಮೊದಲೇ ಹೇಳಿದ್ದೆ. "ಡಿಸೈನ್ ಕೆಡುತ್ತದೆ" ಅಂದಿದ್ದರು. ಇದು ಶನಿವಾರ ಹೋದರೆ ಜನ ಶನಿವಾರವೇ ಸ್ಕ್ರೀನ್‌ಶಾಟ್ ಹಿಡಿದು ಅಂಗಡಿಗೆ ಬರುತ್ತಾರೆ. ಅಲ್ಲಿ ಬಿಲ್ಲಿನ ರೇಟು ಇನ್ನೂ ಹಳೆಯದೇ. ಕೌಂಟರ್ ಹುಡುಗರು ಉಗಿಸಿಕೊಳ್ಳುತ್ತಾರೆ. ಪೋಸ್ಟ್ ಡಿಲೀಟ್ ಮಾಡಬಹುದು, ಸ್ಕ್ರೀನ್‌ಶಾಟ್ ಡಿಲೀಟ್ ಮಾಡುವುದು ಹೇಗೆ?

ಹೇಗಾಯಿತು ಅಂತ ಕೇಳಿ. ನಮ್ಮ ಶೀಟಿನಲ್ಲಿ ಸರ್ ಬರೆದಿದ್ದದ್ದು "ಶನಿವಾರ ರಾತ್ರಿ 12 ಗಂಟೆ". ಅಕ್ಕ ಶನಿವಾರ ಆರಿಸಿ, 12:00 ಆರಿಸಿ, ರಾತ್ರಿ ಅಲ್ವಾ ಅಂತ AM ಒತ್ತಿದ್ದಾರೆ. ಒಂದೊಂದೇ ಹೆಜ್ಜೆ ನೋಡಿದರೆ ಎಲ್ಲವೂ ಸರಿ. ಒಟ್ಟು ಸೇರಿಸಿದರೆ ಒಂದು ದಿನ ತಪ್ಪು.

ಯಾಕಂದರೆ ನಮ್ಮ ಬಾಯಲ್ಲಿ ರಾತ್ರಿ ಹಿಂದಿನ ದಿನಕ್ಕೆ ಸೇರಿದ್ದು. ಶನಿವಾರ ಸಂಜೆಯ ನಂತರ ಬರುವುದು ಶನಿವಾರ ರಾತ್ರಿ, ಅದು 12 ಆದರೂ, 2 ಆದರೂ. ಪಂಚಾಂಗದಲ್ಲೂ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ನನ್ನ ಅಜ್ಜಿಗೆ ಈಗಲೂ ಬೆಳಕು ಹರಿಯದೆ ನಾಳೆ ಆಗುವುದಿಲ್ಲ. ಗಡಿಯಾರಕ್ಕೆ ಇದೆಲ್ಲ ಗೊತ್ತಿಲ್ಲ. ಅದಕ್ಕೆ 12:00 AM ಅಂದರೆ ದಿನದ ಮೊದಲ ನಿಮಿಷ. ನಾವು ಶನಿವಾರ ರಾತ್ರಿ 12 ಅನ್ನುವುದು ಅದರ ಲೆಕ್ಕದಲ್ಲಿ ಭಾನುವಾರ 12:00 AM. ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 14ರ ಮಧ್ಯರಾತ್ರಿ ಅಂತೀವಿ, ಬಾವುಟ ಹಾರಿಸುವುದು 15ಕ್ಕೆ. ಇದನ್ನು ಒಂದನೇ ಕ್ಲಾಸಿನಿಂದ ಕೇಳಿಕೊಂಡು ಬಂದಿದ್ದೇವೆ. ಆದರೂ ಶೆಡ್ಯೂಲ್ ಮಾಡುವಾಗ ನೆನಪಾಗುವುದಿಲ್ಲ.

ಬಸ್ಸಿನಲ್ಲೂ ಇದೇ ಗೋಳು. ಬೆಂಗಳೂರಿಂದ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳು ನಮ್ಮ ಹಾಸನ ಮುಟ್ಟುವುದೇ ನಡುರಾತ್ರಿ ದಾಟಿದ ಮೇಲೆ. ನಮ್ಮ ಚಿಕ್ಕಪ್ಪ ಒಂದು ಸಲ ಟಿಕೆಟ್ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನವರೆಗೆ ಕೂತಿದ್ದರು. ಬಸ್ಸು ಹಿಂದಿನ ರಾತ್ರಿಯೇ ಹೋಗಿತ್ತು.

ಸರಿ, ವಿಷಯಕ್ಕೆ ಬರುತ್ತೇನೆ. 11:43ಕ್ಕೆ ಸರ್‌ಗೆ ಫೋನ್ ಮಾಡಿದೆ. ಅವರು ಸಕಲೇಶಪುರದ ಕಡೆ ಯಾವುದೋ ಎಸ್ಟೇಟಿನಲ್ಲಿದ್ದರು. ನೆಟ್‌ವರ್ಕ್ ಇಲ್ಲ. ಅಕ್ಕನಿಗೆ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ವಾಟ್ಸಾಪ್‌ನಲ್ಲಿ "ಅಕ್ಕ ಅರ್ಜೆಂಟ್" ಅಂತ ಹಾಕಿದೆ, ಒಂದೇ ಟಿಕ್. ಅವರ ಲಾಗಿನ್ ನನಗೆ ಗೊತ್ತಿದ್ದರೂ ಉಪಯೋಗವಿಲ್ಲ, ಓಟಿಪಿ ಹೋಗುವುದು ಅವರ ಫೋನಿಗೇ. ಮಂಚದ ಮೇಲೆ ಕೂತು ಆ ಬೂದು ಬಟನ್ ಅನ್ನು ಹತ್ತು ಸಲ ಒತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ.

11:52ಕ್ಕೆ ಎತ್ತಿದರು. ಅರಸೀಕೆರೆಯಲ್ಲಿ ಮದುವೆ ಮನೆ, ಹಿಂದೆ ವಾಲಗ, ಮಕ್ಕಳ ಗಲಾಟೆ.

"ಅಕ್ಕ, ಸೀರೆ ಪೋಸ್ಟ್ ಈಗ ಹೋಗ್ತಿದೆ. ನಾಳೆ ರಾತ್ರಿ ಹೋಗಬೇಕಾದದ್ದು."

"ಅಯ್ಯೋ ಇಲ್ಲ ಕಣೇ, ಶನಿವಾರ ಅಂತಾನೇ ಹಾಕಿದ್ದೀನಿ."

"ಶನಿವಾರ ಎಎಂ ಹಾಕಿದ್ದೀರ ಅಕ್ಕ. ಇನ್ನು ಎಂಟು ನಿಮಿಷಕ್ಕೆ ಶನಿವಾರ."

ಅವರು ಹೊರಗೆ ಬಂದು ಆಪ್ ತೆರೆದರು. ತೆರೆಯುವಷ್ಟರಲ್ಲಿ 11:54. "ಗೊತ್ತಾಯ್ತು, ಪಿಎಂ ಮಾಡಿದೆ" ಅಂದರು. ನನ್ನ ಎದೆ ಧಸಕ್ಕೆಂದಿತು. ಪಿಎಂ ಮಾಡಿದರೆ ಅದು ಶನಿವಾರ ಮಧ್ಯಾಹ್ನ 12! 11 ಪಿಎಂ ರಾತ್ರಿ, ಅದರ ಮುಂದಿನ 12 ಎಎಂ, ಆದರೆ ಮಧ್ಯಾಹ್ನದ 12 ಪಿಎಂ. ಈ ಲೆಕ್ಕ ಯಾರು ಮಾಡಿದರೋ. "ಅಕ್ಕ, ಭಾನುವಾರ ಎಎಂ ಮಾಡಿ" ಅಂದೆ. "ಭಾನುವಾರ ಯಾಕೆ? ಸರ್ ಶನಿವಾರ ಅಂದಿದ್ದಾರಲ್ವಾ?" ಅಂತ ಅವರು ವಾದಕ್ಕೆ ನಿಂತರು. 11:55ಕ್ಕೆ. ಮದುವೆ ಛತ್ರದ ಬಾಗಿಲಲ್ಲಿ ನಿಂತು.

ಆಗ ಹೊಳೆಯಿತು. ಸರಿಯಾದ ಸಮಯ ಯಾವುದು ಅಂತ ಈಗಲೇ ತೀರ್ಮಾನ ಮಾಡಬೇಕಾಗಿಲ್ಲ. "ಅಕ್ಕ, ಏನೂ ಬೇಡ, ಡ್ರಾಫ್ಟ್‌ಗೆ ಹಾಕಿಬಿಡಿ. ಡ್ರಾಫ್ಟ್‌ನಲ್ಲಿದ್ದರೆ ತಾನಾಗಿ ಹೋಗಲ್ಲ. ನಾಳೆ ಇಡೀ ದಿನ ಇದೆ, ಕೂತು ಜಗಳ ಆಡೋಣ." ಹಾಕಿದರು. 11:57.

ನಾನು ಕ್ಯಾಲೆಂಡರ್ ರಿಫ್ರೆಶ್ ಮಾಡಿದೆ. ಸೀರೆ ಪೋಸ್ಟ್ ಮಾಯ. ಉಸಿರು ಬಿಟ್ಟೆ. ಆಮೇಲೆ ನೋಡಿದರೆ ಅದೇ ಜಾಗದಲ್ಲಿ ಸಣ್ಣದೊಂದು ಗುಂಡಗಿನ ಗುರುತು. ಸ್ಟೋರಿ! ಪೋಸ್ಟ್ ಬೇರೆ, ಸ್ಟೋರಿ ಬೇರೆ ಶೆಡ್ಯೂಲ್ ಮಾಡಿದ್ದರು. ಒಂದನ್ನು ತೆಗೆದರೆ ಇನ್ನೊಂದು ಹೋಗುವುದಿಲ್ಲ. ಪೋಸ್ಟ್‌ನ ಹಿಂದೆ ನಿಂತಿತ್ತು ಅಂತ ಅಲ್ಲಿಯವರೆಗೂ ಕಂಡಿರಲಿಲ್ಲ. "ಅಕ್ಕ, ಸ್ಟೋರಿ, ಸ್ಟೋರಿ!" ಅಂತ ಕಿರುಚಿದ್ದಕ್ಕೆ ಪಕ್ಕದ ಮಂಚದ ಹುಡುಗಿ ಎದ್ದು ಕೂತಳು. 11:59ಕ್ಕೆ ಅದೂ ಡ್ರಾಫ್ಟ್‌ಗೆ ಹೋಯಿತು. ಫೋನಿನ ಮೇಲೆ 12:00 ಬಂದಾಗ ಪೇಜ್ ತೆರೆದು ನೋಡಿದೆ. ಹಳೆಯ ಪೋಸ್ಟ್ ಬಿಟ್ಟು ಏನೂ ಇಲ್ಲ. 12:10ರ ತನಕ ನೋಡುತ್ತಲೇ ಇದ್ದೆ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ತಪ್ಪು ಎಲ್ಲರಿಗೂ ಆಗುತ್ತದೆ. ನನಗೂ ಆಗಿದೆ, ಹೋದ ತಿಂಗಳು ಬೇಕರಿಯ ಪೋಸ್ಟಿನಲ್ಲಿ "ಬೆಣ್ಣೆ ಬಿಸ್ಕತ್ತು" ಹೋಗಿ "ಬಣ್ಣೆ ಬಿಸ್ಕತ್ತು" ಆಗಿತ್ತು.

ಶನಿವಾರ ಬೆಳಗ್ಗೆ ಹತ್ತಕ್ಕೆ ಆಫೀಸು. ಸರ್ ಬಂದವರೇ ಕೇಳಿದ್ದು "ಅಪ್ರೂವ್ ಆದ ಪೋಸ್ಟನ್ನು ಯಾರನ್ನು ಕೇಳಿ ತೆಗೆಸಿದೆ?" ಅಂತ. ಯಾರನ್ನು ಕೇಳಲಿ ಸಾರ್? ನಿಮ್ಮ ನಂಬರಿಗೆ ಆರು ಸಲ ಮಾಡಿದ್ದೇನೆ, ಕಾಲ್ ಲಿಸ್ಟ್ ತೋರಿಸಿದೆ. ನೋಡಲೂ ಇಲ್ಲ. ಅಕ್ಕ ಮಾನಿಟರ್ ನೋಡುತ್ತಾ ಕೂತಿದ್ದರು. "ಗಂಡನ ಮನೆಯವರ ಮುಂದೆ ಅಷ್ಟು ಹೊತ್ತಿನಲ್ಲಿ ಫೋನ್, ಒಂಥರಾ ಆಯ್ತು" ಅಂತ ಅಷ್ಟೇ ಅಂದರು. ತಿಂಗಳಿಗೆ ಆರು ಸಾವಿರ ಕೊಟ್ಟು, ರಾತ್ರಿ ಹನ್ನೆರಡಕ್ಕೆ ಕಾವಲು ಕಾಯಿಸಿ, ಬೆಳಗ್ಗೆ "ಯಾರನ್ನು ಕೇಳಿ" ಅನ್ನುತ್ತಾರಲ್ಲ, ಇವರಿಗೆ ಏನು ಹೇಳುವುದು?

ಸರಿ, ಶೀಟಿನ ವಿಷಯವನ್ನಾದರೂ ಹೇಳೋಣ ಅಂತ ಬಾಯಿ ತೆಗೆದೆ. "ರಾತ್ರಿ 12 ಅಂತ ಬರೆಯೋದು ಬೇಡ ಸಾರ್. ಒಂದು ನಿಮಿಷ ಹಿಂದೆ ಮುಂದೆ ಮಾಡಿ. 11:59 PM ಅಂತ ಬರೆದರೆ ಯಾವ ದಿನ ಅಂತ ಯಾರಿಗೂ ಅನುಮಾನ ಬರಲ್ಲ. ಇಲ್ಲಾ 12:05 AM ಭಾನುವಾರ ಅಂತ ವಾರ, ತಾರೀಖು ಎರಡೂ ಬರೆಯಿರಿ." ಈ ಪೋಸ್ಟಿಗೆ 11:59 ಆಗುತ್ತಿರಲಿಲ್ಲ, "ಇಂದು" ಅಂತಿದೆಯಲ್ಲ, ಅದನ್ನೂ ಹೇಳಿದೆ. ನಿಜ ಹೇಳಬೇಕೆಂದರೆ ಹಾಸನದಲ್ಲಿ ನಡುರಾತ್ರಿ ಎದ್ದು ಸೀರೆ ಆಫರ್ ನೋಡುವವರು ಯಾರು? ಬೆಳಗ್ಗೆ ಏಳಕ್ಕೆ, ಹೆಂಗಸರು ಕಾಫಿ ಲೋಟ ಹಿಡಿದು ಮೊಬೈಲ್ ತೆಗೆಯುವ ಹೊತ್ತಿಗೆ ಹಾಕಿದರೆ ಈ ಎಎಂ ಪಿಎಂ ರಗಳೆಯೇ ಇಲ್ಲ. ಸರ್ ಹೇಳಿದರು, "ಹನ್ನೆರಡಕ್ಕೆ ಹಾಕಿದ್ರೇನೇ ಗತ್ತು."

ಪೋಸ್ಟ್ ಭಾನುವಾರ 12:00 AMಗೆ ಹೋಯಿತು, ಸರಿಯಾಗಿಯೇ. ಬೆಳಗ್ಗೆ ಆರಕ್ಕೆ ನೋಡಿದಾಗ ನಾಲ್ಕು ಲೈಕ್ ಇತ್ತು. ಒಂದು ನನ್ನದು, ಒಂದು ಅಕ್ಕನದು.

ಇವತ್ತು ಹೊಸ ವಾರದ ಶೀಟ್ ಬಂತು. ಹೋಮ್‌ಸ್ಟೇ ಪೋಸ್ಟ್, ಮೂರನೇ ಸಾಲು: "ಬುಧವಾರ ರಾತ್ರಿ 12". ಪಕ್ಕದಲ್ಲಿ ಕಾಮೆಂಟ್ ಹಾಕಿದೆ, "ಸರ್, ಬುಧವಾರ ಮುಗಿದ ಮೇಲೆಯೋ, ಶುರುವಾಗುವಾಗಲೋ?" ಹತ್ತು ನಿಮಿಷಕ್ಕೆ ಉತ್ತರ ಬಂತು.

"ಬುಧವಾರ."